ಆಂಶಿಕ ಭಿನ್ನರಾಶಿ ಬಿಡಿಸಿದ್ದು ಸರಿಯಾಯ್ತಾ? ಮತ್ತೆ ಕೂಡಿಸಿ ತಾಳೆ ನೋಡುವ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಗಂಗಾವತಿಯಲ್ಲಿ ಸಂಜೆ ಹೊತ್ತು ದ್ವಿತೀಯ ಪಿಯು ಮಕ್ಕಳಿಗೆ ಗಣಿತ ಹೇಳಿಕೊಡುತ್ತೇನೆ. ಇಂಟಿಗ್ರೇಷನ್‌ನಲ್ಲಿ ಪಾರ್ಶಿಯಲ್ ಫ್ರಾಕ್ಷನ್ ಬಂದಾಗ ಪ್ರತಿ ವರ್ಷ ಅದೇ ಪ್ರಶ್ನೆಗಳು ಬರುತ್ತವೆ. A, B, C ಕಂಡುಹಿಡಿಯೋದು ಎಲ್ಲರಿಗೂ ಬರುತ್ತದೆ. ಸಿಕ್ಕಿದ್ದು ಸರಿಯೋ ತಪ್ಪೋ ಅಂತ ತಾವೇ ಹೇಳೋಕೆ ಮಾತ್ರ ಬರೋದಿಲ್ಲ. ಪುಸ್ತಕದ ಹಿಂದಿನ ಉತ್ತರ ತೆಗೆದು ನೋಡುತ್ತಾರೆ. ಪರೀಕ್ಷೆಯಲ್ಲಿ ಆ ಪುಟ ಇರೋದಿಲ್ಲ, ಅಲ್ವಾ?

ಅದಕ್ಕೇ ಈ ಪುಟ. ಹೆಚ್ಚಿನ ಕಡೆ ಒಂದೇ ಲೆಕ್ಕ ಬಳಸಿದ್ದೇನೆ. ಪೆನ್ನು ಹಿಡಿದು ಜೊತೆಗೆ ಮಾಡಿ.

ತಾಳೆ ನೋಡೋದು ಅಂದರೆ ನಿಜವಾಗಿ ಏನು ಮಾಡಬೇಕು?

ಬಿಡಿಸಿದ ತುಂಡುಗಳನ್ನು ಒಂದೇ ಛೇದದ ಮೇಲೆ ತಂದು ಕೂಡಿಸಬೇಕು. ಮೇಲೆ ಬರುವ ಅಂಶ, ಪ್ರಶ್ನೆಯಲ್ಲಿ ಕೊಟ್ಟ ಅಂಶವೇ ಆಗಿರಬೇಕು. ಅಷ್ಟೇ.

ಇದನ್ನು ಮೊದಲ ಸಲ ಹೇಳಿದಾಗ ಒಬ್ಬ ಹುಡುಗ, ಅವರಪ್ಪ ಅಕ್ಕಿ ಗಿರಣಿಯಲ್ಲಿ ಕೆಲಸ ಮಾಡುತ್ತಾರೆ, "ಸರ್, ಇದು ನಮ್ಮ ಮಿಲ್ಲಿನ ಲೆಕ್ಕ ಇದ್ದಂಗ ಐತಲ್ಲ" ಅಂದ. ಭತ್ತ ಹಾಕಿದರೆ ಅಕ್ಕಿ, ನುಚ್ಚು, ತೌಡು, ಹೊಟ್ಟು ಬೇರೆ ಬೇರೆ ಬೀಳುತ್ತವೆ. ಎಲ್ಲಾ ತೂಗಿ ಕೂಡಿಸಿದರೆ ಹಾಕಿದ ಭತ್ತದ ತೂಕ ಬರಬೇಕು. ಆಮೇಲೆ ಅವನೇ ಸೇರಿಸಿದ: "ಸ್ವಲ್ಪ ಧೂಳಿಗೆ ಹೋಗುತ್ತ ಸರ್, ಅದನ್ನ ಬಿಡ್ತಾರ." ನಮ್ಮ ಲೆಕ್ಕದಲ್ಲಿ ಧೂಳಿಗೆ ಬಿಡೋದು ಅಂತ ಇಲ್ಲ. ಒಂದು ಮೈನಸ್ ಆಚೀಚೆ ಆದರೂ ತೂಕ ಕೂಡೋದಿಲ್ಲ.

ಈಗ ಲೆಕ್ಕ ನೋಡೋಣ.

```
(4x² − 3x + 5) / ((x − 1)²(x + 2))
   = A/(x − 1) + B/(x − 1)² + C/(x + 2)
```

ಎರಡೂ ಕಡೆ ಛೇದದಿಂದ ಗುಣಿಸಿದರೆ:

```
4x² − 3x + 5 = A(x − 1)(x + 2) + B(x + 2) + C(x − 1)²
```

x = 1 ಹಾಕಿ. ಎಡಕ್ಕೆ 6, ಬಲಕ್ಕೆ 3B. ಹಾಗಾಗಿ B = 2. x = −2 ಹಾಕಿ. ಎಡಕ್ಕೆ 16 + 6 + 5 = 27, ಬಲಕ್ಕೆ 9C. ಹಾಗಾಗಿ C = 3. ಇನ್ನು A. ಬಲಗಡೆ x² ಬರೋದು A ಮತ್ತು C ಇರುವ ಪದಗಳಿಂದ ಮಾತ್ರ. ಹಾಗಾಗಿ A + C = 4, ಅಂದರೆ A = 1.

ಇಲ್ಲಿಗೆ ಬಿಡಿಸೋದು ಮುಗಿಯಿತು. ತಾಳೆ ನೋಡೋದು ಇಲ್ಲಿಂದ ಶುರು. ಮೂರೂ ತುಂಡುಗಳ ಮೇಲಿನ ಭಾಗವನ್ನು ಬೇರೆ ಬೇರೆ ಸಾಲಿನಲ್ಲಿ ಬಿಡಿಸಿ ಬರೆಯಿರಿ:

```
1·(x − 1)(x + 2) =  x² +  x − 2
2·(x + 2)        =       2x + 4
3·(x − 1)²       = 3x² − 6x + 3
--------------------------------
ಮೊತ್ತ             = 4x² − 3x + 5
```

ಕೊಟ್ಟ ಅಂಶವೇ ಬಂತು. ತಾಳೆ ಆಯಿತು. ಒಂದು ಸಣ್ಣ ಅಭ್ಯಾಸ ಇಟ್ಟುಕೊಳ್ಳಿ: x² ಕೆಳಗೆ x², x ಕೆಳಗೆ x, ಬರೀ ಸಂಖ್ಯೆ ಕೆಳಗೆ ಸಂಖ್ಯೆ ಬರೋ ಹಾಗೆ ಕಂಬ ಮಾಡಿ ಬರೆಯಿರಿ. ಒಂದೇ ಉದ್ದ ಸಾಲಿನಲ್ಲಿ ಬರೆದವರು ಕೂಡಿಸುವಾಗ ಒಂದು ಪದ ಬಿಟ್ಟೇ ಬಿಡುತ್ತಾರೆ. ನೂರಾರು ನೋಟ್‌ಬುಕ್ ನೋಡಿದ ಮೇಲೆ ಈ ಮಾತು ಹೇಳುತ್ತಿದ್ದೇನೆ.

ಸಾಮಾನ್ಯ ಛೇದ ಯಾವುದು? ಮೂರೂ ಛೇದ ಗುಣಿಸಿಬಿಡಲಾ?

ಬೇಡ. ಲಸಾಅ ತಗೊಳ್ಳಿ. ಇಲ್ಲಿ ಛೇದಗಳು (x − 1), (x − 1)², (x + 2). ಲಸಾಅ (x − 1)²(x + 2), ಅಂದರೆ ಪ್ರಶ್ನೆಯಲ್ಲಿದ್ದ ಛೇದವೇ. ಪ್ರಾಥಮಿಕ ಶಾಲೆಯಲ್ಲಿ 1/3 + 1/9 ಕೂಡಿಸುವಾಗ 9 ತಗೊಂಡಿರಿ, 27 ತಗೊಳ್ಳಲಿಲ್ಲ. ಇಲ್ಲೂ ಅದೇ.

ಎಲ್ಲಾ ಗುಣಿಸಿದರೆ ತಪ್ಪಾಗುತ್ತಾ? ತಪ್ಪಾಗೋದಿಲ್ಲ, ಗಾಬರಿಯಾಗುತ್ತದೆ. ಛೇದ (x − 1)³(x + 2) ಆಗುತ್ತದೆ. ಮೇಲೆ 4x³ − 7x² + 8x − 5 ಬರುತ್ತದೆ. "x³ ಎಲ್ಲಿಂದ ಬಂತು?" ಅಂತ ಕುಳಿತವನೇ ತಲೆ ಕೆರೆದುಕೊಳ್ಳುತ್ತಾನೆ. ಅದು (4x² − 3x + 5)(x − 1). ಮೇಲೊಂದು ಕೆಳಗೊಂದು (x − 1) ಹೊಡೆದು ಹಾಕಿದರೆ ಸರಿಯಾದ ಅಂಶವೇ ಉಳಿಯುತ್ತದೆ. ಆದರೆ ಆ ಅಪವರ್ತನ ಕಣ್ಣಿಗೆ ಕಾಣಬೇಕಲ್ಲ. ಒಂದು ಸುಳಿವು ಇದೆ. ಕೂಡಿಸಿದ ಮೇಲೆ ಅಂಶದ ಘಾತ ಪ್ರಶ್ನೆಯದಕ್ಕಿಂತ ಜಾಸ್ತಿ ಬಂದರೆ, ಮೊದಲು ಲಸಾಅ ಸರಿ ಇದೆಯಾ ನೋಡಿ. A, B, C ಮೇಲೆ ಅನುಮಾನ ಆಮೇಲೆ.

x = 1, x = −2 ಎರಡೂ ಹಾಕಿ ನೋಡಿದೆ, ಎರಡೂ ಕಡೆ ಸರಿ ಬಂತು. ಆದರೂ ಉತ್ತರ ತಪ್ಪು ಅಂತೀರಲ್ಲ, ಯಾಕೆ?

ಜಾಸ್ತಿ ಜನ ಮೋಸ ಹೋಗೋದು ಇಲ್ಲೇ. ಒಬ್ಬ ಹುಡುಗಿಯ ಲೆಕ್ಕವನ್ನೇ ತಗೊಳ್ಳೋಣ. B = 2, C = 3 ಸರಿಯಾಗಿ ತಂದಿದ್ದಳು. A ಗೆ ಅವಳು x = 0 ಹಾಕಿದಳು. ಆಗ −2A + 2B + C = 5, ಅಂದರೆ −2A + 7 = 5, ಅಂದರೆ −2A = −2. ಅಲ್ಲಿ ಚಿಹ್ನೆ ತಪ್ಪಿ A = −1 ಅಂತ ಬರೆದಳು. ಆಮೇಲೆ ತಾಳೆ ನೋಡೋಕೆ x = 1 ಹಾಕಿದಳು. 6 = 6. x = −2 ಹಾಕಿದಳು. 27 = 27. "ಎರಡೂ ಕೂಡಿದವು ಸರ್."

ಕೂಡಲೇಬೇಕು! A ಜೊತೆಗೆ ಗುಣಿಸಿಕೊಂಡಿರೋದು (x − 1)(x + 2). x = 1 ಹಾಕಿದರೂ ಅದು ಸೊನ್ನೆ, x = −2 ಹಾಕಿದರೂ ಸೊನ್ನೆ. ಆ ಎರಡು ಜಾಗದಲ್ಲಿ A ಒಂದಾದರೂ ಅಷ್ಟೇ, ಸಾವಿರವಾದರೂ ಅಷ್ಟೇ. ಆ ಬೆಲೆಗಳನ್ನು ನಾವು ಆರಿಸಿಕೊಂಡಿದ್ದೇ A ಕಾಣದಿರಲಿ ಅಂತ. ಬೇರೆ ಅಕ್ಷರಗಳನ್ನು ಮುಚ್ಚಿ ಒಂದನ್ನು ತೆಗೆಯುವ ಈ ಉಪಾಯಕ್ಕೆ ಹೆವಿಸೈಡ್ ಹೆಸರಿದೆ. ಉತ್ತರ ತೆಗೆಯೋಕೆ ಬಹಳ ಚೆನ್ನ. ಅದೇ ಬೆಲೆಗಳನ್ನು ಮತ್ತೆ ಹಾಕಿ ತಾಳೆ ನೋಡಿದರೆ ಮಾತ್ರ, ಮಾಡಿದ ಕೆಲಸವನ್ನೇ ಇನ್ನೊಮ್ಮೆ ಮಾಡಿದ ಹಾಗೆ.

ಪೂರ್ತಿ ಕೂಡಿಸಿದ್ದರೆ ಅವಳಿಗೆ ಹೀಗೆ ಬರುತ್ತಿತ್ತು:

```
−1·(x − 1)(x + 2) = −x² −  x + 2
 2·(x + 2)        =       2x + 4
 3·(x − 1)²       = 3x² − 6x + 3
---------------------------------
ಮೊತ್ತ              = 2x² − 5x + 9
```

ಬೇಕಾಗಿದ್ದು 4x² − 3x + 5. ಮೂರು ಕಂಬದಲ್ಲಿ ಒಂದೂ ಹೊಂದೋದಿಲ್ಲ. ತಪ್ಪು ಬಚ್ಚಿಟ್ಟುಕೊಳ್ಳೋಕೆ ಜಾಗವೇ ಇಲ್ಲ.

ತಾಳೆ ಆಗಲಿಲ್ಲ. ಮೊದಲಿಂದ ಎಲ್ಲಾ ಮಾಡಬೇಕಾ?

ಬೇಕಿಲ್ಲ. "ಬರವಲ್ದು ಸರ್" ಅಂತ ಪುಟ ಹೊಡೆದು ಹಾಕಿ ಹೊಸದಾಗಿ ಶುರು ಮಾಡೋರೇ ಜಾಸ್ತಿ. ಹೊಡೆದು ಹಾಕಬೇಡಿ. ಬೇಕಾದ ಅಂಶದಿಂದ ಬಂದ ಅಂಶವನ್ನು ಕಳೆಯಿರಿ. ಆ ವ್ಯತ್ಯಾಸವೇ ತಪ್ಪು ಎಲ್ಲಿದೆ ಅಂತ ಹೇಳುತ್ತದೆ.

ಮೇಲಿನ ಹುಡುಗಿಯದೇ ನೋಡಿ:

```
(4x² − 3x + 5) − (2x² − 5x + 9) = 2x² + 2x − 4
                                = 2(x − 1)(x + 2)
```

(x − 1)(x + 2) ಯಾರ ಜೊತೆಗಾರ? A ಯದು. ಮುಂದೆ 2 ಇದೆ. ಅಂದರೆ A ಗೆ ಇನ್ನೂ 2 ಸೇರಬೇಕು. −1 + 2 = 1. ಮುಗಿಯಿತು. B, C ಮುಟ್ಟಲೇ ಇಲ್ಲ.

ಇದರ ಹಿಂದೆ ದೊಡ್ಡ ಗುಟ್ಟೇನಿಲ್ಲ. ಮೊತ್ತದಲ್ಲಿ ಪ್ರತಿ ಅಕ್ಷರಕ್ಕೂ ಒಬ್ಬ ಜೊತೆಗಾರ ಇದ್ದಾನೆ. A ಗೆ (x − 1)(x + 2), B ಗೆ (x + 2), C ಗೆ (x − 1)². B ಮಾತ್ರ ತಪ್ಪಿದ್ದರೆ ವ್ಯತ್ಯಾಸ (x + 2) ರ ಯಾವುದೋ ಪಟ್ಟು ಆಗಿರುತ್ತದೆ. C ಮಾತ್ರ ತಪ್ಪಿದ್ದರೆ (x − 1)² ರ ಪಟ್ಟು. ವ್ಯತ್ಯಾಸ 5x + 10 ಅಂತ ಬಂದರೆ, B ಯಲ್ಲಿ 5 ಕಡಿಮೆ ಅಂತ ಕಣ್ಣಲ್ಲೇ ಗೊತ್ತಾಗುತ್ತದೆ.

ಎರಡು ಅಕ್ಷರ ಒಟ್ಟಿಗೆ ತಪ್ಪಿದ್ದರೆ?

ಹೆಚ್ಚಾಗಿ ಹಾಗೇ ಆಗೋದು. ಯಾಕಂದರೆ A ಯನ್ನು C ಯಿಂದ ತೆಗೀತೀವಿ. C ಕೆಟ್ಟರೆ A ಯೂ ಕೆಡುತ್ತದೆ.

ನಮ್ಮಲ್ಲಿ ಅತಿ ಸಾಮಾನ್ಯ ತಪ್ಪು ಇದು: x = −2 ಹಾಕುವಾಗ −3x ಅನ್ನು +6 ಮಾಡೋ ಬದಲು −6 ಮಾಡೋದು. 16 − 6 + 5 = 15. ಆಗ C = 15/9 = 5/3. A = 4 − 5/3 = 7/3. B = 2 ಸರಿ ಇದೆ. ಭಿನ್ನರಾಶಿ ಬಂದಿದ್ದಕ್ಕೇ ಕೆಲವರಿಗೆ ಅನುಮಾನ ಬರುತ್ತದೆ. ಆದರೆ 7/3 ಬಂದಿದ್ದೇ ತಪ್ಪಿನ ಗುರುತು ಅಲ್ಲ, ಸರಿಯಾದ ಉತ್ತರದಲ್ಲೂ ಭಿನ್ನರಾಶಿ ಬರುತ್ತವೆ. ಕೂಡಿಸಿಯೇ ನೋಡಬೇಕು.

```
(7/3)(x² + x − 2)  = (7/3)x² +  (7/3)x − 14/3
2(x + 2)           =                2x + 4
(5/3)(x² − 2x + 1) = (5/3)x² − (10/3)x + 5/3
----------------------------------------------
ಮೊತ್ತ               = 4x² + x + 1
```

x² ಕಂಬ ಕೂಡಿತು ನೋಡಿ, 4x² ಸರಿಯಾಗಿದೆ. ಅದು ಕೂಡಲೇಬೇಕಿತ್ತು. A ತೆಗೆದಿದ್ದೇ A + C = 4 ಅನ್ನೋ ಸಮೀಕರಣದಿಂದ. ಮೊದಲ ಕಂಬ ನೋಡಿ ಖುಷಿಪಟ್ಟು ನಿಲ್ಲಿಸಿದವರು ಇಲ್ಲಿ ಸಿಕ್ಕಿಬೀಳುತ್ತಾರೆ. ಯಾವ ಸಮೀಕರಣ ಬಳಸಿ ಅಕ್ಷರ ತೆಗೆದಿರೋ, ಆ ಸಮೀಕರಣ ತಾಳೆಗೆ ಸಾಕ್ಷಿ ಹೇಳೋದಿಲ್ಲ. ಬಳಸದೇ ಬಿಟ್ಟ ಕಂಬಗಳೇ ನಿಜ ಹೇಳೋದು.

ವ್ಯತ್ಯಾಸ: (4x² − 3x + 5) − (4x² + x + 1) = −4x + 4. ಈಗ ಇದರಲ್ಲಿ ಮುಚ್ಚಿ ತೆಗೆಯುವ ಉಪಾಯವನ್ನೇ ಮತ್ತೆ ಮಾಡಿ. x = 1 ಹಾಕಿದರೆ 0. ಅಂದರೆ B ಯಲ್ಲಿ ತಪ್ಪಿಲ್ಲ. x = −2 ಹಾಕಿದರೆ 12. C ಯ ಜೊತೆಗಾರ ಅಲ್ಲಿ 9. 12/9 = 4/3. ಅಂದರೆ C ಗೆ 4/3 ಸೇರಬೇಕು: 5/3 + 4/3 = 3. ವ್ಯತ್ಯಾಸದಲ್ಲಿ x² ಇಲ್ಲ, ಹಾಗಾಗಿ A ಮತ್ತು C ಯ ತಿದ್ದುಪಡಿ ಕೂಡಿ ಸೊನ್ನೆ ಆಗಬೇಕು. C ಗೆ 4/3 ಸೇರಿದರೆ A ಯಿಂದ 4/3 ಹೋಗಬೇಕು: 7/3 − 4/3 = 1. ಎರಡೂ ಸರಿಹೋದವು.

ನನಗೆ ಈ ಭಾಗ ಬಹಳ ಇಷ್ಟ. ತಪ್ಪು ಲೆಕ್ಕದಿಂದಲೇ ಸರಿ ಉತ್ತರ ಹೊರಗೆ ಬರುತ್ತದೆ.

A/(x − 1) ಬರೆಯೋದೇ ಮರೆತೆ. ತಾಳೆಯಲ್ಲಿ ಅದು ಸಿಗುತ್ತಾ?

ಸಿಗುತ್ತದೆ. ಛೇದದಲ್ಲಿ (x − 1)² ಇದ್ದಾಗ ಬರೀ B/(x − 1)² ಬರೆದು ಬಿಡೋರು ಬೇಕಾದಷ್ಟು ಜನ. x = 1, x = −2 ಹಾಕಿ 2, 3 ತೆಗೆದು ಮುಗಿಸುತ್ತಾರೆ. ಯಾವ ಹಂತದಲ್ಲೂ ಏನೂ ಅಡ್ಡ ಬರೋದಿಲ್ಲ. ಕೂಡಿಸಿ ನೋಡಿದರೆ:

```
2(x + 2) + 3(x − 1)² = 3x² − 4x + 7
ವ್ಯತ್ಯಾಸ = x² + x − 2 = (x − 1)(x + 2)
```

ಈ ವ್ಯತ್ಯಾಸವನ್ನು ಪೂರ್ತಿ ಛೇದದಿಂದ ಭಾಗಿಸಿ. (x − 1)(x + 2) ಹೊಡೆದು ಹೋಗಿ 1/(x − 1) ಉಳಿಯುತ್ತದೆ. ಬಿಟ್ಟ ತುಂಡೇ ಅದು. ಯಾವಾಗಲೂ ಹೀಗೇ: ವ್ಯತ್ಯಾಸ ಭಾಗಿಸು ಪೂರ್ತಿ ಛೇದ ಅಂದರೆ, ಪ್ರಶ್ನೆಯಿಂದ ನಿಮ್ಮ ಉತ್ತರ ಕಳೆದರೆ ಉಳಿಯೋದು.

ಅಂಶದ ಘಾತ ಛೇದದಷ್ಟೇ ಇದ್ದಾಗ ಏನಾಗುತ್ತದೆ?

ಮೊದಲು ಭಾಗಾಕಾರ ಮಾಡಬೇಕು. ಮರೆತರೆ ತಾಳೆಯಲ್ಲಿ ಅದೂ ಸಿಗುತ್ತದೆ, ಅದೂ ಬಹಳ ಚೆಂದವಾಗಿ. (x² + 1)/((x − 1)(x − 2)) ತಗೊಳ್ಳಿ. ಭಾಗಾಕಾರ ಮರೆತು ಮುಚ್ಚಿ ತೆಗೆದರೆ −2/(x − 1) + 5/(x − 2) ಸಿಗುತ್ತದೆ. ಎರಡೂ ಸಂಖ್ಯೆ ಸರಿಯೇ. ಕೂಡಿಸಿದರೆ:

```
−2(x − 2) + 5(x − 1) = 3x − 1
ವ್ಯತ್ಯಾಸ = (x² + 1) − (3x − 1) = x² − 3x + 2
```

x² − 3x + 2 ಅಂದರೆ ಛೇದವೇ. ಛೇದ ಭಾಗಿಸು ಛೇದ, 1. ಬಿಟ್ಟುಹೋಗಿದ್ದು ಭಾಗಲಬ್ಧ 1. ಸರಿ ಉತ್ತರ 1 − 2/(x − 1) + 5/(x − 2). ಇಂಟಿಗ್ರೇಟ್ ಮಾಡುವಾಗ ಆ 1 ರಿಂದ ಒಂದು x ಬರುತ್ತದೆ. ಅದು ಬಿಟ್ಟರೆ ಅಂಕ ಹೋಗುತ್ತದೆ.

ತಾಳೆ ಮಾಡುವಾಗಲೇ ನಾನು ತಪ್ಪಿದರೆ?

ಒಳ್ಳೆ ಪ್ರಶ್ನೆ. ಇದು ನನಗೇ ಆಗಿದೆ. ಒಮ್ಮೆ ಬೋರ್ಡಿನ ಮೇಲೆ ಇಂಥದೇ ಲೆಕ್ಕ ಬಿಡಿಸಿ, ತಾಳೆ ಆಗದೆ, ಸರಿಯಾಗಿದ್ದ ಉತ್ತರ ಅಳಿಸಿ ಮತ್ತೆ ಮಾಡಿದೆ. ಮತ್ತೆ ಅದೇ ಉತ್ತರ ಬಂತು. ಹಿಂದಿನ ಬೆಂಚಲ್ಲಿ ನಗು.

ಸಾಮಾನ್ಯವಾಗಿ ಜಾರೋದು ಕಂಸದ ಮುಂದಿನ ಮೈನಸ್‌ನಲ್ಲಿ. (x² + 4x − 1)/((x − 1)(x² + 1)) ಲೆಕ್ಕಕ್ಕೆ ಸರಿ ಉತ್ತರ 2/(x − 1) − (x − 3)/(x² + 1). ಕೂಡಿಸುವಾಗ ಮೇಲೆ ಹೀಗೆ ಬರಬೇಕು:

```
2(x² + 1) − (x − 3)(x − 1)
= 2x² + 2 − (x² − 4x + 3)
= 2x² + 2 − x² + 4x − 3
= x² + 4x − 1
```

ಆತುರದಲ್ಲಿ ಕಂಸ ಬಿಟ್ಟವರು 2x² + 2 − x² − 4x + 3 ಅಂತ ಬರೆಯುತ್ತಾರೆ. x² − 4x + 5 ಬರುತ್ತದೆ. "ತಪ್ಪಾಯ್ತು" ಅಂತ ಸರಿ ಉತ್ತರ ಹೊಡೆದು ಹಾಕುತ್ತಾರೆ.

ಹಾಗಾದರೆ ತಪ್ಪು ಉತ್ತರದಲ್ಲಿದೆಯೋ ತಾಳೆಯಲ್ಲಿದೆಯೋ ಅಂತ ಗೊತ್ತಾಗೋದು ಹೇಗೆ? ವ್ಯತ್ಯಾಸ ತೆಗೆಯಿರಿ: 8x − 6. x = 1 ಹಾಕಿದರೆ 2. 2/(x − 1) ರ ಮೇಲಿನ 2 ರ ಜೊತೆಗಾರ x² + 1, ಅದು x = 1 ರಲ್ಲಿ 2. ಅಂದರೆ "A ಯಲ್ಲಿ 1 ಕಡಿಮೆ ಇದೆ, A = 3 ಆಗಬೇಕು" ಅಂತ ವ್ಯತ್ಯಾಸ ಹೇಳುತ್ತಿದೆ. ಈಗ A ಯನ್ನು ಮಾತ್ರ ಪ್ರಶ್ನೆಯಿಂದ ನೇರ ತೆಗೆಯಿರಿ: (1 + 4 − 1)/2 = 2. A = 2 ಅಂತಲೇ ಬಂತು. ವ್ಯತ್ಯಾಸ ಒಂದು ಹೇಳುತ್ತದೆ, ನೇರ ಲೆಕ್ಕ ಇನ್ನೊಂದು ಹೇಳುತ್ತದೆ. ಹಾಗಾದಾಗ ಎಡವಿದ್ದು ಕೂಡಿಸೋದರಲ್ಲಿ. ಕಂಸಗಳನ್ನು ಮತ್ತೆ ನೋಡಿ.

ನನ್ನ ಅಭ್ಯಾಸ ಏನಂದರೆ, ಮೈನಸ್ ಇದ್ದರೆ ಅದನ್ನು ಅಕ್ಷರದ ಒಳಗೇ ಹಾಕಿಬಿಡುತ್ತೇನೆ. − (x − 3) ಬದಲು + (−x + 3). ಮೇಲೆ ಎಲ್ಲಾ ಕೂಡಿಸೋದೇ, ಕಳೆಯೋದೇ ಇರೋದಿಲ್ಲ.

ಇಷ್ಟೆಲ್ಲಾ ಬಿಡಿಸೋಕೆ ಬೇಜಾರು. ಸುಮ್ನೆ ಒಂದು ಸಂಖ್ಯೆ ಹಾಕಿ ನೋಡಿದರೆ ಸಾಕಾಗಲ್ವಾ?

ಅವಸರಕ್ಕೆ ಸಾಕು. ಆದರೆ ಯಾವ ಸಂಖ್ಯೆ ಅನ್ನೋದು ಮುಖ್ಯ. ಅಕ್ಷರ ತೆಗೆಯೋಕೆ ಬಳಸಿದ ಸಂಖ್ಯೆ ಬೇಡ. ಛೇದ ಸೊನ್ನೆ ಆಗುವ ಸಂಖ್ಯೆಯಂತೂ ಭಿನ್ನರಾಶಿಯೊಳಗೆ ಹಾಕೋಕೇ ಬರೋದಿಲ್ಲ. ನಮ್ಮ ಮೊದಲ ಲೆಕ್ಕಕ್ಕೆ x = 2 ಹಾಕಿ:

```
ಪ್ರಶ್ನೆ  : (16 − 6 + 5)/(1·4) = 15/4
ಉತ್ತರ : 1/1 + 2/1 + 3/4    = 15/4
```

ಕೂಡಿತು. 5/3, 7/3 ತಂದವರಿಗೆ 7/3 + 2 + 5/12 = 19/4 ಬರುತ್ತಿತ್ತು. ತಕ್ಷಣ ಸಿಕ್ಕಿಬೀಳುತ್ತಿದ್ದರು.

ಇದರ ಮಿತಿ ಏನು? ವ್ಯತ್ಯಾಸ ಇಲ್ಲಿ ಹೆಚ್ಚೆಂದರೆ ಎರಡನೇ ಘಾತದ್ದು. ಅಂಥದ್ದು ಸೊನ್ನೆ ಅಲ್ಲದಿದ್ದರೂ, ಎರಡು ಕಡೆ ಮಾತ್ರ ಸೊನ್ನೆ ಆಗಬಹುದು. ನೀವು ಹಾಕಿದ ಸಂಖ್ಯೆ ಆ ಎರಡರಲ್ಲಿ ಒಂದಾಗಿದ್ದರೆ ತಪ್ಪು ಉತ್ತರವೂ ಸರಿ ಅಂತ ಕಾಣುತ್ತದೆ. ಮೂರು ಬೇರೆ ಬೇರೆ ಸಂಖ್ಯೆಗಳಲ್ಲಿ ಅಂಶಗಳು ಕೂಡಿದರೆ ಮಾತ್ರ ಅನುಮಾನಕ್ಕೆ ಜಾಗ ಇರೋದಿಲ್ಲ. ಆದರೆ ಮೂರು ಸಂಖ್ಯೆ ಹಾಕೋ ಹೊತ್ತಿಗೆ ಪೂರ್ತಿ ಕೂಡಿಸೋದೇ ಮುಗಿದಿರುತ್ತದೆ. ಮೇಲಾಗಿ, ಸಂಖ್ಯೆ ಹಾಕಿ ನೋಡಿದರೆ "ತಪ್ಪಿದೆ" ಅಂತಷ್ಟೇ ಗೊತ್ತಾಗುತ್ತದೆ. ಎಲ್ಲಿ ಅಂತ ಹೇಳೋದು ಕೂಡಿಸಿ ಬಂದ ವ್ಯತ್ಯಾಸ ಮಾತ್ರ.

ತಾಳೆ ಆಯ್ತು. ಆದರೂ ಉತ್ತರ ತಪ್ಪು ಅಂತ ಬಂತು. ಹೀಗೂ ಆಗುತ್ತಾ?

ಆಗುತ್ತದೆ. ಪ್ರಶ್ನೆಯಲ್ಲಿ ಛೇದವನ್ನು ಬಿಡಿಸದೆ x³ − 3x + 2 ಅಂತ ಕೊಟ್ಟಿದ್ದರು ಅಂದುಕೊಳ್ಳಿ. ಅದು (x − 1)²(x + 2). ನೀವು ಅವಸರದಲ್ಲಿ (x + 1)²(x − 2) ಅಂತ ಬರೆದಿರಿ. ಮುಂದಿನದೆಲ್ಲಾ ಸರಿಯಾಗಿ ಮಾಡಿ, ನಿಮ್ಮದೇ ಛೇದದ ಮೇಲೆ ಕೂಡಿಸಿದರೆ ಅಂಶ ಕೂಡಿಬಿಡುತ್ತದೆ. ತಪ್ಪು ಛೇದದ್ದು, ನೋಡಿದ್ದು ಅಂಶ ಮಾತ್ರ.

ಹಾಗಾಗಿ ಛೇದವನ್ನೂ ಗುಣಿಸಿ ನೋಡಿ. (x + 1)²(x − 2) ಗುಣಿಸಿದರೆ x³ − 3x − 2. ಕೊನೆಯ ಚಿಹ್ನೆ ಬೇರೆ. ಇಲ್ಲಿ ಪೂರ್ತಿ ಗುಣಿಸೋದೂ ಬೇಕಿಲ್ಲ, x = 0 ಹಾಕಿದರೆ ಒಂದಕ್ಕೆ 2, ಇನ್ನೊಂದಕ್ಕೆ −2.

ಇನ್ನೊಂದು, ಪ್ರಶ್ನೆಯನ್ನೇ ತಪ್ಪಾಗಿ ನೋಟ್‌ಬುಕ್‌ಗೆ ಇಳಿಸಿಕೊಂಡಿದ್ದರೆ ಯಾವ ತಾಳೆಯೂ ಹಿಡಿಯೋದಿಲ್ಲ. ಕೊನೆಗೆ ಹೋಲಿಸುವಾಗ ನಿಮ್ಮ ಪುಟದ ಮೊದಲ ಸಾಲನ್ನು ನೋಡಬೇಡಿ, ಪ್ರಶ್ನೆಪತ್ರಿಕೆಯನ್ನೇ ನೋಡಿ.

ಪರೀಕ್ಷೆಯಲ್ಲಿ ತಾಳೆಯನ್ನು ಉತ್ತರಪತ್ರಿಕೆಯಲ್ಲಿ ಬರೆಯಬೇಕಾ?

ಬೇಕಿಲ್ಲ. ಕಚ್ಚಾ ಕೆಲಸದ ಜಾಗದಲ್ಲಿ ಮಾಡಿ.

ಸಿಇಟಿಯಲ್ಲಿ ಇಷ್ಟು ಟೈಮ್ ಎಲ್ಲಿದೆ ಸರ್?

ಇಲ್ಲ, ನಿಜ. 80 ನಿಮಿಷಕ್ಕೆ 60 ಪ್ರಶ್ನೆ. ಅಲ್ಲಿ ಪೂರ್ತಿ ಕೂಡಿಸಬೇಡಿ, ಎರಡು ತುದಿಯ ಕಂಬ ಮಾತ್ರ ಕೂಡಿಸಿ. ನಮ್ಮ ಲೆಕ್ಕದ ರೂಪ ಕೊಟ್ಟು A, B, C ಗೆ ನಾಲ್ಕು ಆಯ್ಕೆ ಕೊಟ್ಟಿದ್ದಾರೆ ಅಂದುಕೊಳ್ಳಿ. x² ಕಂಬ: A + C = 4. ಸಂಖ್ಯೆಯ ಕಂಬ: −2A + 2B + C = 5. ಆಯ್ಕೆಗಳನ್ನು ಈ ಎರಡರಲ್ಲಿ ಹಾಕಿ. ಹೆಚ್ಚಾಗಿ ಒಂದೇ ಉಳಿಯುತ್ತದೆ. ಎರಡು ಉಳಿದರೆ x = 1 ಹಾಕಿ B ತೆಗೆಯಿರಿ. ಇಲ್ಲಿ ಅಕ್ಷರಗಳನ್ನು ನೀವು ತೆಗೆದಿಲ್ಲ, ಅವರು ಕೊಟ್ಟಿದ್ದಾರೆ. ಹಾಗಾಗಿ ಯಾವ ಕಂಬವಾದರೂ ನ್ಯಾಯವಾದ ಸಾಕ್ಷಿಯೇ.

ಅಂಶ ಕೂಡಿತು, ಛೇದ ಕೂಡಿತು. ಇಂಟಿಗ್ರೇಷನ್ ಉತ್ತರ ಇನ್ನು ಸರಿಯೇ ಇರುತ್ತದೆ ತಾನೆ?

ಬಿಡಿಸಿದ ತನಕ ಸರಿ. ಇಂಟಿಗ್ರೇಟ್ ಮಾಡಿದ್ದಕ್ಕೆ ಈ ತಾಳೆ ಜವಾಬ್ದಾರಿ ಅಲ್ಲ. ನಮ್ಮ ಲೆಕ್ಕದ ಉತ್ತರ ಇದು:

```
log|x − 1| − 2/(x − 1) + 3 log|x + 2| + c
```

ಮಧ್ಯದ ತುಂಡು ನೋಡಿ. 2/(x − 1)² ಅನ್ನು 2 log (x − 1)² ಅಂತ ಬರೆಯೋರಿದ್ದಾರೆ. ಮೈನಸ್ ಬಿಟ್ಟು +2/(x − 1) ಬರೆಯೋರು ಇನ್ನೂ ಜಾಸ್ತಿ. ಇದಕ್ಕೆ ತಾಳೆ ಬೇರೆ: ಪ್ರತಿ ತುಂಡನ್ನು ಡಿಫರೆನ್ಷಿಯೇಟ್ ಮಾಡಿ. −2/(x − 1) ಅನ್ನು ಡಿಫರೆನ್ಷಿಯೇಟ್ ಮಾಡಿದರೆ +2/(x − 1)². ಬಿಡಿಸಿದಾಗ ಇದ್ದ ತುಂಡೇ ಬಂತು. ಉಳಿದ ಎರಡು log ತುಂಡುಗಳಿಂದ 1/(x − 1), 3/(x + 2) ಬರುತ್ತವೆ. ಇಲ್ಲಿ ಕೂಡಿಸೋದು ಬೇಡ, ತುಂಡಿಗೆ ತುಂಡು ಹೋಲಿಸಿದರೆ ಸಾಕು. ಯಾಕಂದರೆ ಆ ಮೂರು ತುಂಡುಗಳನ್ನು ಆಗಲೇ ತೂಗಿ ಆಗಿದೆ.